ಆಪರೇಷನ್‌ಗೆ ಅಡ್ಮಿಟ್ ಆಗುವ ಮುಂಚೆ ಬಾಬ್ತುವಾರು ಎಸ್ಟಿಮೇಟ್ ಕೇಳುವ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ತುರ್ತು ಚಿಕಿತ್ಸೆಯ ವಿಷಯ ಅಲ್ಲ. ಡಾಕ್ಟರು "ಆಪರೇಷನ್ ಮಾಡಿಸಿ, ಆದರೆ ಅವಸರ ಇಲ್ಲ, ದಿನ ನೋಡಿಕೊಂಡು ಬನ್ನಿ" ಅಂದಿರುತ್ತಾರಲ್ಲ, ಅಂಥ ಅಡ್ಮಿಷನ್‌ಗೆ ಮಾತ್ರ. ನಾನು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಒಳಗಡೆ ಕೂತು ಕೆಲಸ ಮಾಡಿದವಳು. ಮನೆಯವರು ಏನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ, ಏನು ಕೇಳಿದರೆ ಬರೀ ಒಂದು ಮೊತ್ತ ಸಿಗುತ್ತದೆ ಅನ್ನೋದನ್ನು ಆ ಕಡೆಯಿಂದ ನೋಡಿದ್ದೇನೆ. ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ: ಅಮ್ಮನಿಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ, ಪಿತ್ತಕೋಶದಲ್ಲಿ ಕಲ್ಲು. ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ಪಿತ್ತಕೋಶ ತೆಗೆಯಬೇಕು. ಪತ್ರ ಬರೆಯುವವಳು ಮಗಳು.

ಫೋನ್ ಮಾಡಿ ಕೇಳಿದರೆ ಸಾಲದಾ? ಪತ್ರ ಯಾಕೆ?

ಫೋನಿನಲ್ಲಿ "ಎಷ್ಟಾಗುತ್ತೆ?" ಅಂತ ಕೇಳಿದರೆ ಆ ಕಡೆ ಇರುವವರು ಆ ಆಪರೇಷನ್‌ಗೆ ಸಾಮಾನ್ಯವಾಗಿ ಬರುವ ಮೊತ್ತ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಅದು ನಿಮ್ಮ ಅಮ್ಮನ ಲೆಕ್ಕ ಅಲ್ಲ, ಬೇರೆ ಕಾಯಿಲೆ ಏನೂ ಇಲ್ಲದ, ತೊಂದರೆ ಏನೂ ಆಗದ, ಎಲ್ಲಕ್ಕಿಂತ ಕಡಿಮೆ ದರದ ರೂಮಿನಲ್ಲಿದ್ದ ಪೇಷೆಂಟಿನ ಲೆಕ್ಕ. ಬರಹದಲ್ಲಿ ಕೇಳಿದಾಗ ಬಿಲ್ಲಿಂಗ್‌ನವರು ಬರಹದಲ್ಲೇ ಉತ್ತರ ಕೊಡಬೇಕಾಗುತ್ತದೆ, ಹಾಗೆ ಕೊಡಬೇಕು ಅಂದಾಗ ಫೈಲ್ ತೆಗೆದು ನೋಡುತ್ತಾರೆ, ಗೊತ್ತಿಲ್ಲದ್ದನ್ನು ಡಾಕ್ಟರ ಹತ್ತಿರ ಕೇಳುತ್ತಾರೆ. ವ್ಯತ್ಯಾಸ ಇರೋದು ಇಲ್ಲೇ.

ಬಿಲ್ಲಿಂಗ್‌ನವರು ಎಸ್ಟಿಮೇಟ್‌ನ ಅಂಕಿಗಳನ್ನು ಎಲ್ಲಿಂದ ತರುತ್ತಾರೆ?

ಎರಡು ಕಡೆಯಿಂದ. ದರ ಅವರ ಹತ್ತಿರ ಇರುತ್ತದೆ: ರೂಮಿಗೆ ದಿನಕ್ಕೆ ಎಷ್ಟು, ಆಪರೇಷನ್ ಥಿಯೇಟರ್‌ಗೆ ಗಂಟೆಗೆ ಎಷ್ಟು, ಡಾಕ್ಟರ ಒಂದು ವಿಸಿಟ್‌ಗೆ ಎಷ್ಟು. ಆದರೆ ಎಷ್ಟು ದಿನ, ಎಷ್ಟು ಗಂಟೆ, ಎಷ್ಟು ವಿಸಿಟ್ ಅನ್ನೋದು ಅವರಿಗೆ ಗೊತ್ತಿರೋದಿಲ್ಲ. ಅದನ್ನು ಹೇಳಬೇಕಾದವರು ಸರ್ಜನ್. ಸರ್ಜನ್ ಬರೆದುಕೊಟ್ಟ ಅಡ್ಮಿಷನ್ ಚೀಟಿಯಲ್ಲಿ ಬರೀ ಆಪರೇಷನ್ ಹೆಸರು, ತಾರೀಖು ಇದ್ದರೆ ಉಳಿದ ಜಾಗವನ್ನೆಲ್ಲ ಬಿಲ್ಲಿಂಗ್‌ನವರು ಮಾಮೂಲಿ ಲೆಕ್ಕದಿಂದ ತುಂಬುತ್ತಾರೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇರೋದು, ಅದಕ್ಕೆ ಫಿಸಿಷಿಯನ್ ಬಂದು ನೋಡಬೇಕಾಗೋದು, ಎರಡು ಗಂಟೆಗೊಮ್ಮೆಯೋ ನಾಲ್ಕು ಗಂಟೆಗೊಮ್ಮೆಯೋ ಶುಗರ್ ನೋಡೋದು, ಇದ್ಯಾವುದೂ ಆ ಮಾಮೂಲಿ ಲೆಕ್ಕದಲ್ಲಿ ಇರೋದಿಲ್ಲ.

ಆದ್ದರಿಂದ ಪತ್ರ ಬರೆಯುವ ಮುಂಚೆ ಸರ್ಜನ್ ಹತ್ತಿರ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ. ಆಪರೇಷನ್‌ನ ಪೂರ್ತಿ ಹೆಸರು, ಥಿಯೇಟರ್‌ನಲ್ಲಿ ಸುಮಾರು ಎಷ್ಟು ಹೊತ್ತು, ಎಷ್ಟು ರಾತ್ರಿ ಇರಬೇಕಾಗಬಹುದು, ಬೇರೆ ಯಾವ ಡಾಕ್ಟರು ನೋಡಬೇಕಾಗುತ್ತದೆ. ಚೀಟಿಯಲ್ಲಿ ರೋಗದ ಕೋಡ್ ಇದ್ದರೆ ಅದನ್ನೂ ಇಳಿಸಿಕೊಳ್ಳಿ. ಐಸಿಡಿ-10 ಅನ್ನುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಪಿತ್ತಕೋಶದ ಕಲ್ಲಿನ ಗುಂಪು K80. ಉರಿಯೂತ ಇಲ್ಲದೆ ಬರೀ ಕಲ್ಲಿದ್ದರೆ K80.2, ಜೊತೆಗೆ ತೀವ್ರ ಉರಿಯೂತ ಇದ್ದರೆ K80.0. ಇವೆರಡರ ಖರ್ಚು ಒಂದೇ ಅಲ್ಲ, ಉರಿಯೂತ ಇದ್ದಾಗ ಆಪರೇಷನ್ ಕಷ್ಟ, ಹೊತ್ತು ಜಾಸ್ತಿ, ಆಂಟಿಬಯೋಟಿಕ್ ಜಾಸ್ತಿ.

ಸರಿ, ಪತ್ರ ಹೇಗಿರಬೇಕು? ಒಂದು ನಮೂನೆ ಕೊಡಿ.

ಒಂದು ಪುಟ ಸಾಕು. ಕಾಯಿಲೆಯ ಪೂರ್ತಿ ಕಥೆ ಬೇಡ. ಮಗಳು ಬರೆದ ಪತ್ರ ಹೀಗಿರಬಹುದು:

> ಬಿಲ್ಲಿಂಗ್ ವಿಭಾಗದ ಮುಖ್ಯಸ್ಥರಿಗೆ,
>
> ವಿಷಯ: ಪ್ಲಾನ್ ಮಾಡಿದ ಅಡ್ಮಿಷನ್‌ಗೆ ಮುಂಚಿತವಾಗಿ ಬಾಬ್ತುವಾರು ಎಸ್ಟಿಮೇಟ್ ಕೇಳಿ
>
> ಮಾನ್ಯರೇ,
>
> ನಮ್ಮ ತಾಯಿ (ಪೇಷೆಂಟ್ ನಂಬರ್ ......, ವಯಸ್ಸು 62) ಅವರಿಗೆ ನಿಮ್ಮ ಸರ್ಜನ್ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯಲು ಹೇಳಿದ್ದಾರೆ. ಅಡ್ಮಿಷನ್ ಚೀಟಿಯ ಪ್ರತಿ ಜೊತೆಗಿದೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಥಿಯೇಟರ್‌ನಲ್ಲಿ ಸುಮಾರು ಒಂದೂವರೆ ಗಂಟೆ, ಆಸ್ಪತ್ರೆಯಲ್ಲಿ ಎರಡು ರಾತ್ರಿ ಎಂದು ಸರ್ಜನ್ ತಿಳಿಸಿದ್ದಾರೆ. ನಾವು ಇಬ್ಬರು ಹಂಚಿಕೊಳ್ಳುವ ರೂಮ್ ಕೇಳಿದ್ದೇವೆ.
>
> ದಯವಿಟ್ಟು ಒಟ್ಟು ಮೊತ್ತದ ಜೊತೆಗೆ ಪ್ರತಿ ಬಾಬ್ತಿನ ದರ ಎಷ್ಟು, ಎಷ್ಟು ದಿನ ಅಥವಾ ಎಷ್ಟು ಸಲ ಎಂದು ಲೆಕ್ಕ ಹಿಡಿದಿದ್ದೀರಿ ಎಂಬುದನ್ನೂ ಬರೆದುಕೊಡಿ: ರೂಮ್ ಮತ್ತು ನರ್ಸಿಂಗ್, ಸರ್ಜನ್, ಸಹಾಯಕ ಸರ್ಜನ್, ಅರಿವಳಿಕೆ ಡಾಕ್ಟರ ಫೀ, ಥಿಯೇಟರ್, ಬೇರೆ ಡಾಕ್ಟರ ವಿಸಿಟ್, ಆಪರೇಷನ್‌ಗೆ ಮುಂಚಿನ ಮತ್ತು ನಂತರದ ಟೆಸ್ಟ್, ಔಷಧಿ, ಒಂದೇ ಸಲ ಬಳಸುವ ಸಾಮಾನು.
>
> ಇದು ಪ್ಯಾಕೇಜ್ ಆಗಿದ್ದರೆ, ಅದರಲ್ಲಿ ಸೇರದೆ ಇರುವುದನ್ನು ಬೇರೆಯಾಗಿ, ದರದ ಸಮೇತ ತಿಳಿಸಿ. ದಿನವನ್ನು ಹೇಗೆ ಎಣಿಸುತ್ತೀರಿ ಎಂದೂ ತಿಳಿಸಿ.
>
> ತೆರೆದ ಆಪರೇಷನ್ ಮಾಡಬೇಕಾಗಿ ಬಂದರೆ ಅಥವಾ ಐಸಿಯುನಲ್ಲಿ ಇರಬೇಕಾಗಿ ಬಂದರೆ ಯಾವ ದರ ಅನ್ವಯಿಸುತ್ತದೆ ಎಂಬುದು ನಮಗೆ ಮೊದಲೇ ಗೊತ್ತಿರಬೇಕು. ಖರ್ಚು ಎಸ್ಟಿಮೇಟ್‌ಗಿಂತ ಶೇ. 10ಕ್ಕಿಂತ ಜಾಸ್ತಿ ಆಗುವಂತೆ ಕಂಡರೆ ಅವತ್ತೇ ನಮಗೆ ತಿಳಿಸಬೇಕು ಎಂದು ಕೋರುತ್ತೇವೆ.
>
> ಅಡ್ವಾನ್ಸ್ ಎಷ್ಟು ಕಟ್ಟಬೇಕು, ಈ ಎಸ್ಟಿಮೇಟ್ ಯಾವ ತಾರೀಖಿನವರೆಗೆ ನಡೆಯುತ್ತದೆ, ಪ್ರಶ್ನೆ ಇದ್ದರೆ ಯಾರನ್ನು ಕೇಳಬೇಕು ಎಂದೂ ತಿಳಿಸಿ. ಈ ವಿಷಯದಲ್ಲಿ ನನ್ನ ಜೊತೆ ಮಾತಾಡಲು ತಾಯಿಯವರ ಒಪ್ಪಿಗೆ ಇದೆ, ಅವರ ಸಹಿ ಕೆಳಗಿದೆ.
>
> ಇಂತಿ,
> (ತಾಯಿಯ ಸಹಿ)
> (ಮಗಳ ಸಹಿ, ಫೋನ್ ನಂಬರ್)

ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು "ಎಷ್ಟು ದಿನ ಅಥವಾ ಎಷ್ಟು ಸಲ ಎಂದು ಲೆಕ್ಕ ಹಿಡಿದಿದ್ದೀರಿ" ಅನ್ನುವ ಮಾತು. ದರ ಮತ್ತು ಸಂಖ್ಯೆ ಎರಡೂ ಕೈಯಲ್ಲಿದ್ದರೆ ಬಿಲ್ ಎಲ್ಲಿ ಬೆಳೆಯಿತು ಅನ್ನೋದನ್ನು ಆಮೇಲೆ ನೀವೇ ಹುಡುಕಬಹುದು. ಮೊತ್ತ ಮಾತ್ರ ಇದ್ದರೆ ಆಗೋದಿಲ್ಲ.

ಅಮ್ಮನ ಸಹಿ ಬೇಕೇ ಬೇಕಾ? ನಾವು ಮಕ್ಕಳು ಬರೆದರೆ ನಡೆಯೋದಿಲ್ವಾ?

ಬೇಕು. ಪೇಷೆಂಟಿನ ಒಪ್ಪಿಗೆ ಇಲ್ಲದೆ ಅವರ ಚಿಕಿತ್ಸೆಯ ವಿವರವನ್ನು ಬೇರೆಯವರಿಗೆ ಕೊಡಬಾರದು ಅನ್ನುವ ನಿಯಮ ಬಹಳಷ್ಟು ಆಸ್ಪತ್ರೆಗಳಲ್ಲಿದೆ, ಮಗಳಾದರೂ ಬೇರೆಯವರೇ. ಆ ಒಂದು ಸಾಲು ಇಲ್ಲದ ಪತ್ರ ಸುಮ್ನೆ ಮೇಜಿನ ಮೇಲೆ ಕೂತಿರುತ್ತದೆ.

ಯಾವಾಗ ಕಳಿಸಬೇಕು?

ಸರ್ಜನ್ ಚೀಟಿ ಕೊಟ್ಟ ದಿನವೇ ಬರೆದರೆ ಒಳ್ಳೆಯದು. ಅಡ್ಮಿಷನ್‌ಗೆ ಕೊನೇಪಕ್ಷ ಎರಡು ವಾರ ಇದ್ದರೆ ಉತ್ತರ ಬಂದ ಮೇಲೆ ಒಂದು ಸುತ್ತು ಪ್ರಶ್ನೆ ಕೇಳೋದಕ್ಕೂ ಸಮಯ ಸಿಗುತ್ತದೆ. ಇಮೇಲ್ ಮಾಡಿ, ಇಲ್ಲವೇ ಕೈಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

"ನಮ್ಮಲ್ಲಿ ಪ್ಯಾಕೇಜ್ ಇದೆ, ಬಿಡಿಬಿಡಿಯಾಗಿ ಕೊಡೋದಿಲ್ಲ" ಅಂದರು. ಈಗ?

ಪ್ಯಾಕೇಜ್ ಕೆಟ್ಟದ್ದೇನಲ್ಲ. ಅದರಲ್ಲಿ ಒಂದು ಅನುಕೂಲ ಇದೆ: ಪ್ಯಾಕೇಜಿನ ಒಳಗೆ ಇರುವ ವಸ್ತು ಎರಡು ಹೆಚ್ಚು ಬಳಸಿದರೂ ಮೊತ್ತ ಬದಲಾಗೋದಿಲ್ಲ. ಆದ್ದರಿಂದ ಒಳಗೇನಿದೆ ಅಂತ ಜಗಳ ಮಾಡಬೇಡಿ. ಹೊರಗೇನಿದೆ ಅಂತ ಕೇಳಿ. "ಸರಿ, ಪ್ಯಾಕೇಜೇ ಇರಲಿ. ಇದರಲ್ಲಿ ಸೇರದೆ ಇರುವ ಬಾಬ್ತುಗಳ ಪಟ್ಟಿ ಮತ್ತು ದರ ಕೊಡಿ." ಈ ಪಟ್ಟಿ ಪ್ರತಿ ಬಿಲ್ಲಿಂಗ್ ಆಫೀಸಿನಲ್ಲೂ ಇರುತ್ತದೆ, ಯಾಕಂದರೆ ಅದಿಲ್ಲದೆ ಅವರಿಗೇ ಬಿಲ್ ಮಾಡಲಿಕ್ಕೆ ಆಗೋದಿಲ್ಲ.

ಅಮ್ಮನ ಲೆಕ್ಕ ನೋಡೋಣ. ಪ್ಯಾಕೇಜ್ ಮೊತ್ತ 100 ಅಂತ ಇಟ್ಟುಕೊಳ್ಳಿ, ಇದು ಲೆಕ್ಕ ಅರ್ಥವಾಗಲಿಕ್ಕೆ ಮಾತ್ರ. ಪ್ಯಾಕೇಜ್ ಎರಡು ದಿನದ್ದು. ಆಪರೇಷನ್ ಚೆನ್ನಾಗಿ ಆಯಿತು, ಆದರೆ ಶುಗರ್ ಏರುಪೇರಾಗಿ ಮೂರನೇ ದಿನವೂ ಉಳಿಸಿಕೊಂಡರು: ರೂಮ್ ಮತ್ತು ನರ್ಸಿಂಗ್‌ಗೆ 6. ಫಿಸಿಷಿಯನ್ ನಾಲ್ಕು ಸಲ ಬಂದು ನೋಡಿದರು, ಸಲಕ್ಕೆ 1ರಂತೆ 4. ಆಪರೇಷನ್‌ಗೆ ಮುಂಚಿನ ರಕ್ತಪರೀಕ್ಷೆ, ಇಸಿಜಿ, ಸ್ಕ್ಯಾನ್ ಪ್ಯಾಕೇಜಿನಲ್ಲಿ ಇಲ್ಲ: 5. ತೆಗೆದ ಪಿತ್ತಕೋಶವನ್ನು ಲ್ಯಾಬ್‌ಗೆ ಕಳಿಸಿದ್ದಕ್ಕೆ 3. ಮನೆಗೆ ಕೊಟ್ಟ ಔಷಧಿಗೆ 2. ಒಟ್ಟು 120. ಯಾರೂ ಮೋಸ ಮಾಡಿಲ್ಲ, ಅನಗತ್ಯವಾದದ್ದು ಏನೂ ಮಾಡಿಲ್ಲ, ಆದರೂ ಐದರಲ್ಲಿ ಒಂದು ಪಾಲು ಜಾಸ್ತಿ. ಈ ಐದು ಬಾಬ್ತುಗಳಲ್ಲಿ ಮುಂಚೆಯೇ ಊಹಿಸಲಿಕ್ಕೆ ಆಗದೆ ಇದ್ದದ್ದು ಮೂರನೇ ದಿನ ಒಂದೇ. ಉಳಿದ ನಾಲ್ಕೂ, ವಿಸಿಟ್‌ಗಳ ಸಂಖ್ಯೆ ಒಂದೆರಡು ಆಚೀಚೆ ಆದರೂ, ಪತ್ರದಲ್ಲಿ ಕೇಳಿದ್ದರೆ ಮೊದಲೇ ತಿಳಿಯುತ್ತಿತ್ತು.

ಲ್ಯಾಬ್‌ಗೆ ಕಳಿಸೋದು ಏನು ಅಂತ ಬಹಳ ಜನ ಕೇಳುತ್ತಾರೆ. ತೆಗೆದ ಅಂಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡುತ್ತಾರೆ, ಹಿಸ್ಟೊಪೆಥಾಲಜಿ ಅಂತಾರೆ. ಹೊರಗಿನಿಂದ ಕಾಣದ ಕ್ಯಾನ್ಸರ್ ಅಪರೂಪಕ್ಕೆ ಅದರಲ್ಲಿ ಸಿಗುತ್ತದೆ, ಅದಕ್ಕೇ ಕಳಿಸೋದು. ರಿಪೋರ್ಟ್ ಡಿಸ್ಚಾರ್ಜ್ ಆದ ಮೇಲೆ ಬರೋದರಿಂದ ಬಿಲ್ಲೂ ಕೆಲವು ಕಡೆ ಆಮೇಲೆ ಬೇರೆಯಾಗಿ ಬರುತ್ತದೆ. ದುಡ್ಡು ಉಳಿಸಲಿಕ್ಕೆ ಇದನ್ನು ಬೇಡ ಅನ್ನಬೇಡಿ.

ದಿನ ಎಣಿಸೋದರಲ್ಲಿ ಅಂಥದ್ದೇನಿದೆ? ಎರಡು ರಾತ್ರಿ ಅಂದರೆ ಎರಡು ದಿನ ಅಲ್ವಾ?

ಅಲ್ಲ. ಅಮ್ಮ ಸೋಮವಾರ ಸಂಜೆ 6ಕ್ಕೆ ಅಡ್ಮಿಟ್ ಆಗಿ ಬುಧವಾರ ಮಧ್ಯಾಹ್ನ 3ಕ್ಕೆ ಡಿಸ್ಚಾರ್ಜ್ ಆದರು ಅಂದುಕೊಳ್ಳಿ. ಇದು 45 ಗಂಟೆ. ಅಡ್ಮಿಟ್ ಆದ ಹೊತ್ತಿನಿಂದ 24 ಗಂಟೆ ಲೆಕ್ಕ ಹಾಕುವ ಆಸ್ಪತ್ರೆಯಲ್ಲಿ ಇದು ಎರಡು ದಿನ. ಮಧ್ಯಾಹ್ನ 12ರಿಂದ 12 ಲೆಕ್ಕ ಹಾಕುವಲ್ಲಿ ಸೋಮವಾರ ಸಂಜೆಯಿಂದ ಮಂಗಳವಾರ 12ರವರೆಗೆ ಒಂದು, ಬುಧವಾರ 12ರವರೆಗೆ ಇನ್ನೊಂದು, ಆಮೇಲಿನ ಮೂರು ಗಂಟೆಗೆ ಮತ್ತೊಂದು, ಹೀಗೆ ಮೂರು ದಿನ. ಅಮ್ಮ ಮಲಗಿದ್ದದ್ದು ಅಷ್ಟೇ ಹೊತ್ತು.

ಇದರಿಂದ ಎರಡು ಪ್ರಶ್ನೆ ಹುಟ್ಟುತ್ತವೆ. ಒಂದು, ಟೆಸ್ಟ್‌ಗಳನ್ನೂ ಅರಿವಳಿಕೆ ಡಾಕ್ಟರ ತಪಾಸಣೆಯನ್ನೂ ಮೊದಲೇ ಹೊರರೋಗಿಯಾಗಿ ಮುಗಿಸಿಕೊಂಡು ಆಪರೇಷನ್ ದಿನ ಬೆಳಿಗ್ಗೆಯೇ ಅಡ್ಮಿಟ್ ಆಗಬಹುದಾ? ಇದನ್ನು ಸರ್ಜನ್ ಮತ್ತು ಅರಿವಳಿಕೆ ಡಾಕ್ಟರು ಹೇಳಬೇಕು, ಅಮ್ಮನಿಗೆ ಶುಗರ್ ಇರೋದರಿಂದ ಹಿಂದಿನ ರಾತ್ರಿಯೇ ಬನ್ನಿ ಅನ್ನಬಹುದು, ಅಂದರೆ ಒಪ್ಪಿಕೊಳ್ಳಿ. ಎರಡು, ಡಿಸ್ಚಾರ್ಜ್ ಅಂತ ಡಾಕ್ಟರು ಬೆಳಿಗ್ಗೆ ಬರೆದು, ಕಾಗದಪತ್ರ ಮುಗಿಯೋದು ಮಧ್ಯಾಹ್ನ ಆದರೆ ಆ ದಿನದ ಬಾಡಿಗೆ ಯಾರ ಲೆಕ್ಕಕ್ಕೆ? ಪತ್ರದಲ್ಲೇ ಕೇಳಿ. ತಡ ಆಸ್ಪತ್ರೆಯ ಕಡೆಯದ್ದಾದರೆ ಆ ದಿನ ಬಿಡುವ ಆಸ್ಪತ್ರೆಗಳಿವೆ.

ಸ್ವಲ್ಪ ಒಳ್ಳೆಯ ರೂಮ್ ತೆಗೆದುಕೊಂಡರೆ ಬಾಡಿಗೆ ಮಾತ್ರ ತಾನೇ ಜಾಸ್ತಿ?

ಕೆಲವು ಕಡೆ ಹೌದು. ಇನ್ನು ಕೆಲವು ಕಡೆ ರೂಮಿನ ದರ್ಜೆಗೆ ತಕ್ಕಂತೆ ಸರ್ಜನ್ ಫೀ, ಥಿಯೇಟರ್, ವಿಸಿಟ್, ಟೆಸ್ಟ್ ದರಗಳೂ ಏರುತ್ತವೆ. ಅದೇ ಸರ್ಜನ್, ಅದೇ ಥಿಯೇಟರ್, ಆದರೆ ಬೇರೆ ದರ. ಹಾಗಾಗಿ ಎರಡು ದರ್ಜೆಗಳ ಎಸ್ಟಿಮೇಟನ್ನು ಪಕ್ಕಪಕ್ಕ ಕೇಳಿ, ಆಗ ಗೊತ್ತಾಗುತ್ತದೆ. ನೀವು ಕೇಳಿದ ರೂಮ್ ಆ ದಿನ ಖಾಲಿ ಇಲ್ಲದೆ ಅವರೇ ಮೇಲಿನ ದರ್ಜೆಗೆ ಹಾಕಿದರೆ ಯಾವ ದರ ಅಂತಲೂ ಕೇಳಿ. ಇದು ಆಗಾಗ ನಡೆಯುತ್ತದೆ, ಸಂಜೆ ಅಡ್ಮಿಟ್ ಆಗುವ ಹೊತ್ತಿಗೆ ವಾದ ಮಾಡುವ ಶಕ್ತಿ ಯಾರಿಗೂ ಇರೋದಿಲ್ಲ.

ಔಷಧಿ, ಸಾಮಾನು ಅಂತ ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ ಬರೆದಿದ್ದಾರೆ. ಅದನ್ನು ಬಿಡಿಸಿ ಕೇಳಬಹುದಾ?

ಕೇಳಬೇಕು. ಎಸ್ಟಿಮೇಟ್‌ನಲ್ಲಿ ಎಲ್ಲಕ್ಕಿಂತ ಮಸುಕಾದ ಜಾಗ ಇದು. ಹತ್ತಿ, ಸಿರಿಂಜ್, ಗ್ಲೌಸ್ ಎಲ್ಲ ಎಣಿಸಿಕೊಡಿ ಅಂತ ಕೇಳಿದರೆ ಅದು ಆಗೋ ಮಾತಲ್ಲ, ಅವರಿಗೂ ಗೊತ್ತಿರೋದಿಲ್ಲ. ಬೆಲೆ ಜಾಸ್ತಿ ಇರುವ ಕೆಲವು ವಸ್ತುಗಳನ್ನು ಮಾತ್ರ ಹೆಸರು ಹಿಡಿದು ಕೇಳಿ. ನಮ್ಮ ಉದಾಹರಣೆಯಲ್ಲಿ ಅವು ಮೂರು: ಹೊಟ್ಟೆಯೊಳಗೆ ಸಲಕರಣೆ ಇಳಿಸಲಿಕ್ಕೆ ತೂತಿನಲ್ಲಿ ಕೂರಿಸುವ ಟ್ರೋಕಾರ್, ನಾಳವನ್ನೂ ರಕ್ತನಾಳವನ್ನೂ ಮುಚ್ಚುವ ಕ್ಲಿಪ್, ಪಿತ್ತಕೋಶವನ್ನು ಹಾಕಿ ಹೊರಗೆ ತೆಗೆಯುವ ಚೀಲ. ಟ್ರೋಕಾರ್‌ನಲ್ಲಿ ತೊಳೆದು ಸ್ಟೆರಿಲೈಸ್ ಮಾಡಿ ಮತ್ತೆ ಬಳಸುವ ಲೋಹದ್ದೂ ಇದೆ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ದೂ ಇದೆ. ಸಾಮಾನ್ಯವಾಗಿ ಬೇಕಾಗೋದು ಮೂರೋ ನಾಲ್ಕೋ. ಎಸೆಯುವ ಜಾತಿಯದ್ದಾದರೆ ಮೊತ್ತ ಬೇರೆಯೇ ಆಗುತ್ತದೆ. ಯಾವುದನ್ನು ಬಳಸಬೇಕು ಅನ್ನೋದು ಸರ್ಜನ್ ತೀರ್ಮಾನ. ಅದರಲ್ಲಿ ಕೈ ಹಾಕಬೇಡಿ, ಆದರೆ ಯಾವುದನ್ನು ಲೆಕ್ಕ ಹಿಡಿದಿದ್ದಾರೆ ಅಂತ ತಿಳಿದುಕೊಳ್ಳೋದು ನಿಮ್ಮ ಹಕ್ಕು. ಬಳಸದೆ ಉಳಿದ ಔಷಧಿ ವಾಪಸ್ ತೆಗೆದುಕೊಂಡು ಮೊತ್ತ ಕಳೆಯುತ್ತಾರಾ ಅಂತ ಒಂದು ಸಾಲು ಸೇರಿಸಿ.

ಆಪರೇಷನ್ ನಡುವೆ ಏನಾದರೂ ಬದಲಾದರೆ? ಅದನ್ನೆಲ್ಲ ಮುಂಚೆ ಹೇಳಲಿಕ್ಕೆ ಆಗುತ್ತಾ?

ಆಗುತ್ತದೋ ಇಲ್ಲವೋ ಅಂತ ಹೇಳಲಿಕ್ಕೆ ಆಗೋದಿಲ್ಲ. ಆದರೆ ಹಾಗೇನಾದರೂ ಆದಲ್ಲಿ ಎಷ್ಟು ಅಂತ ಹೇಳಬಹುದು. ಪಿತ್ತಕೋಶದ ಆಪರೇಷನ್‌ನಲ್ಲಿ ಗೊತ್ತಿರುವ ಮುಖ್ಯ ತಿರುವುಗಳು ಎರಡು. ಒಂದು, ಒಳಗೆ ತುಂಬಾ ಅಂಟಿಕೊಂಡಿದ್ದರೆ, ರಕ್ತ ಬಂದರೆ, ಭಾಗಗಳು ಸ್ಪಷ್ಟವಾಗಿ ಕಾಣದಿದ್ದರೆ ಸರ್ಜನ್ ಹೊಟ್ಟೆ ತೆರೆದು ಮುಗಿಸುತ್ತಾರೆ. ಅದು ತಪ್ಪಲ್ಲ, ಪೇಷೆಂಟಿನ ಸುರಕ್ಷತೆಗೆ ಮಾಡುವ ಕೆಲಸ. ಆಗ ಆಸ್ಪತ್ರೆಯಲ್ಲಿ ಇರಬೇಕಾದ ದಿನಗಳು ಹಲವು ಹೆಚ್ಚುತ್ತವೆ. ಇನ್ನೊಂದು, ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡಿರೋದು. ಅದನ್ನು ಬಾಯಿಯ ಮೂಲಕ ದುರ್ಬೀನು ಇಳಿಸಿ ತೆಗೆಯುತ್ತಾರೆ, ಇಆರ್‌ಸಿಪಿ ಅಂತಾರೆ. ಅದು ಬೇರೆಯೇ ಪ್ರೊಸೀಜರ್, ಬೇರೆ ಡಾಕ್ಟರು, ಬೇರೆ ಬಿಲ್.

ಪತ್ರದಲ್ಲಿ ಇವಕ್ಕೆ ಪೂರ್ತಿ ಎಸ್ಟಿಮೇಟ್ ಕೇಳೋದು ಬೇಡ. ತೆರೆದ ಆಪರೇಷನ್ ಆದರೆ ಅದಕ್ಕೆ ಬೇರೆ ಪ್ಯಾಕೇಜಾ ಅಥವಾ ಹಳೆಯದರ ಮೇಲೆ ಸೇರಿಸುತ್ತೀರಾ, ಐಸಿಯು ದಿನಕ್ಕೆ ಎಷ್ಟು, ಐಸಿಯುನಲ್ಲಿದ್ದಾಗ ವಾರ್ಡಿನ ರೂಮಿಗೂ ಬಾಡಿಗೆ ಓಡುತ್ತದಾ, ಇಷ್ಟು ಕೇಳಿದರೆ ಸಾಕು. ಕೊನೆಯ ಪ್ರಶ್ನೆ ಕೇಳುವವರು ಬಹಳ ಕಡಿಮೆ. ಸಾಮಾನು ಇಡಲಿಕ್ಕೆ ಅಂತ ರೂಮ್ ಉಳಿಸಿಕೊಂಡು ಎರಡಕ್ಕೂ ಕಟ್ಟಿದ ಮನೆಯವರನ್ನು ನೋಡಿದ್ದೇನೆ, ಪಾಪ, ಅವರಿಗೆ ಗೊತ್ತೇ ಇರಲಿಲ್ಲ.

ನಮಗೆ ಇನ್ಶೂರೆನ್ಸ್ ಇದೆ. ಇದೆಲ್ಲ ಯಾಕೆ?

ಇನ್ಶೂರೆನ್ಸ್ ಇದ್ದರೆ ಇನ್ನೂ ಜಾಸ್ತಿ ಬೇಕು. ಕಂಪನಿಯವರು ಬಿಲ್ಲಿನ ಒಟ್ಟು ಮೊತ್ತ ನೋಡಿ ಕೊಡೋದಿಲ್ಲ, ಬಾಬ್ತು ಬಾಬ್ತಾಗಿ ನೋಡಿ ಕೊಡುತ್ತಾರೆ. ರೂಮ್ ಬಾಡಿಗೆಗೆ ಮಿತಿ ಇದೆಯಾ, ಒಂದೇ ಸಲ ಬಳಸುವ ಸಾಮಾನಿಗೆ ಕೊಡುತ್ತಾರಾ, ಎಷ್ಟು ಪಾಲು ನೀವೇ ಕಟ್ಟಬೇಕು ಅನ್ನೋದು ಪಾಲಿಸಿಯಲ್ಲಿರುತ್ತದೆ. ಎಸ್ಟಿಮೇಟನ್ನು ಪಾಲಿಸಿಯ ಪಕ್ಕ ಇಟ್ಟುಕೊಂಡು ಪ್ರತಿ ಸಾಲಿನ ಮುಂದೆ "ಅವರು" ಅಥವಾ "ನಾವು" ಅಂತ ಬರೆದುಕೊಂಡು ಹೋಗಿ. ಅನುಮಾನ ಇದ್ದ ಸಾಲನ್ನು ಕಂಪನಿಗೆ ಇಮೇಲ್ ಮಾಡಿ ಕೇಳಿ. ಕಂಪನಿ ಮುಂಗಡ ಒಪ್ಪಿಗೆ ಕೊಟ್ಟಿದೆ ಅಂದರೆ ಪೂರ್ತಿ ಬಿಲ್ ಕಟ್ಟುತ್ತದೆ ಅಂತ ಅರ್ಥ ಅಲ್ಲ. ಆಪರೇಷನ್ ಮಾಡುವ ಡಾಕ್ಟರು, ಅರಿವಳಿಕೆ ಡಾಕ್ಟರು, ಲ್ಯಾಬ್ ಮೂರೂ ಆಸ್ಪತ್ರೆಯ ಬಿಲ್ಲಿನಲ್ಲೇ ಬರುತ್ತವಾ, ಯಾರಾದರೂ ಬೇರೆ ಬಿಲ್ ಕಳಿಸುತ್ತಾರಾ ಅಂತಲೂ ಕೇಳಿಕೊಳ್ಳಿ.

ಹೀಗೆಲ್ಲ ಕೇಳಿದರೆ ಡಾಕ್ಟರಿಗೆ ಬೇಜಾರಾಗಿ ಅಮ್ಮನನ್ನು ಸರಿಯಾಗಿ ನೋಡದಿದ್ದರೆ?

ಈ ಭಯ ಬಹಳ ಜನರಿಗಿದೆ, ನನಗೆ ಅರ್ಥವಾಗುತ್ತದೆ. ಪತ್ರ ಹೋಗೋದು ಬಿಲ್ಲಿಂಗ್‌ಗೆ. ಅಲ್ಲಿನ ನಮಗೆ ಇಂಥ ಪತ್ರ ಬಂದರೆ ಕೆಲಸ ಸುಲಭ ಆಗುತ್ತಿತ್ತು, ಯಾಕಂದರೆ ಡಿಸ್ಚಾರ್ಜ್ ದಿನ ಕೌಂಟರಿನ ಮುಂದೆ ಅಳುವ, ಕೂಗುವ ಮನೆಯವರನ್ನು ಎದುರಿಸೋದು ಯಾರಿಗೂ ಇಷ್ಟ ಇಲ್ಲ. ಸರ್ಜನ್‌ಗೆ ಹೋಗೋದು ಹೆಚ್ಚೆಂದರೆ ಒಂದು ಪ್ರಶ್ನೆ: ಎಷ್ಟು ಗಂಟೆ, ಎಷ್ಟು ದಿನ.

ಉತ್ತರವೇ ಬರಲಿಲ್ಲ. ಅಥವಾ ಫೋನಿನಲ್ಲಿ ಹೇಳಿದರು, ಬರೆದುಕೊಡಲಿಲ್ಲ.

ಫೋನಿನಲ್ಲಿ ಹೇಳಿದರೆ ಅದನ್ನೇ ನೀವು ಬರೆದು ವಾಪಸ್ ಕಳಿಸಿ: "ಇವತ್ತು ನೀವು ತಿಳಿಸಿದಂತೆ ಪ್ಯಾಕೇಜ್ ಇಷ್ಟು, ಎರಡು ದಿನಕ್ಕೆ, ಲ್ಯಾಬ್ ಬೇರೆ. ತಪ್ಪಿದ್ದರೆ ತಿದ್ದಿ ಕಳಿಸಿ." ಹೊಸದಾಗಿ ಬರೆಯೋದಕ್ಕಿಂತ ತಪ್ಪು ತಿದ್ದೋದು ಅವರಿಗೂ ಸುಲಭ, ತಿದ್ದದಿದ್ದರೆ ನಿಮ್ಮ ಹತ್ತಿರ ಒಂದು ದಾಖಲೆ ಆಯಿತು. ಏನೂ ಬರದಿದ್ದರೆ ಮೂರು ನಾಲ್ಕು ದಿನ ಬಿಟ್ಟು ಬಿಲ್ಲಿಂಗ್ ಮುಖ್ಯಸ್ಥರನ್ನು ಹೋಗಿ ನೋಡಿ. ಆಮೇಲೂ ಇಲ್ಲ ಅಂದರೆ ಪೇಷೆಂಟ್ ದೂರು ನೋಡುವವರಿಗೆ ಅದೇ ಪತ್ರದ ಪ್ರತಿ ಕೊಡಿ. ಆಪರೇಷನ್‌ಗೆ ಅವಸರ ಇಲ್ಲದಿದ್ದರೆ ಇನ್ನೊಂದು ಆಸ್ಪತ್ರೆಗೂ ಇದೇ ಪತ್ರ ಕಳಿಸಬಹುದು, ಒಂದೇ ಪ್ರಶ್ನೆಗೆ ಎರಡು ಉತ್ತರ ಬಂದಾಗ ಹೋಲಿಸೋದು ಸುಲಭ.

ಎಸ್ಟಿಮೇಟ್‌ಗಿಂತ ಬಿಲ್ ಜಾಸ್ತಿ ಬಂದರೆ ಕೊಡೋದಿಲ್ಲ ಅನ್ನಬಹುದಾ?

ಎಸ್ಟಿಮೇಟ್ ಅಂದರೆ ಅಂದಾಜು, ಅದು ಒಪ್ಪಂದ ಅಲ್ಲ. ನಿಮ್ಮ ಜಾಗದ ಕಾನೂನು ಇದಕ್ಕೆ ಮಿತಿ ಹಾಕಿದ್ದರೆ ಆ ಮಾತು ಬೇರೆ. ಆದರೆ ಬಾಬ್ತುವಾರು ಎಸ್ಟಿಮೇಟ್ ಕೈಯಲ್ಲಿದ್ದರೆ "ಜಾಸ್ತಿ ಆಯಿತು" ಅಂತ ಮೊಗಮ್ಮಾಗಿ ಹೇಳಬೇಕಾಗಿಲ್ಲ. ಬಿಲ್ಲನ್ನೂ ಎಸ್ಟಿಮೇಟನ್ನೂ ಪಕ್ಕಪಕ್ಕ ಇಟ್ಟು ಪ್ರತಿ ಸಾಲಿನಲ್ಲಿ ಬದಲಾದದ್ದು ದರವಾ, ಸಂಖ್ಯೆಯಾ ಅಂತ ನೋಡಿ. ಸಂಖ್ಯೆ ಬದಲಾಗಿದ್ದರೆ ಅದಕ್ಕೆ ಕಾರಣ ಕೇಸ್ ಶೀಟಿನಲ್ಲಿ ಇರಬೇಕು: ಫಿಸಿಷಿಯನ್ ಆರು ವಿಸಿಟ್ ಅಂತ ಬಿಲ್ ಇದ್ದರೆ ಆರು ಸಲ ಬರೆದ ಟಿಪ್ಪಣಿ ಇರಬೇಕು, ನಾಲ್ಕೇ ಇದ್ದರೆ ಎರಡನ್ನು ತೆಗೆಯಿರಿ ಅಂತ ಕೇಳಿ. ದರ ಬದಲಾಗಿದ್ದರೆ ಯಾಕೆ ಅಂತ ಬರೆದುಕೊಡಲಿಕ್ಕೆ ಹೇಳಿ, ಎಸ್ಟಿಮೇಟ್ ನಡೆಯುವ ತಾರೀಖು ಮುಗಿದಿರಲಿಲ್ಲ ಅಂದರೆ ಅವರ ಹತ್ತಿರ ಉತ್ತರ ಇರೋದು ಕಷ್ಟ. ಎಸ್ಟಿಮೇಟ್‌ನಲ್ಲಿ ಇಲ್ಲದ ಹೊಸ ಸಾಲು ಬಂದಿದ್ದರೆ ಅದು ಪ್ಯಾಕೇಜಿನ ಒಳಗಿನದ್ದನ್ನೇ ಎರಡನೇ ಸಲ ಹಾಕಿದ್ದಾ ಅಂತ ಮೊದಲು ನೋಡಿ, ಗ್ಲೌಸ್, ಡ್ರೆಸ್ಸಿಂಗ್, ಥಿಯೇಟರ್ ಸಾಮಾನುಗಳಲ್ಲಿ ಹೀಗಾಗೋದು ಉಂಟು. ಇದನ್ನೆಲ್ಲ ಡಿಸ್ಚಾರ್ಜ್ ದಿನಕ್ಕೆ ಉಳಿಸಿಕೊಳ್ಳಬೇಡಿ. ಅಡ್ಮಿಟ್ ಆದ ಮಾರನೇ ದಿನದಿಂದಲೇ ಅವತ್ತಿನವರೆಗಿನ ಬಿಲ್ ಕೇಳಿ ತೆಗೆದುಕೊಳ್ಳಿ, ಮನೆಯಲ್ಲಿ ಒಬ್ಬರಿಗೆ ಆ ಕೆಲಸ ಒಪ್ಪಿಸಿ. ಅಮ್ಮನ ಹಾಸಿಗೆ ಪಕ್ಕ ಕೂರುವವರು ಬೇರೆಯವರಾಗಿರಲಿ.